ಲೇಡಿ ಕ್ಯಾಥರೀನ್ ಡಾರ್ಸಿಗೆ ಏನಾಗಬೇಕು?

ಶಿರಸಿ, ಸಿದ್ದಾಪುರದ ಕಡೆ ಮದುವೆಮನೆಯ ಪಂಕ್ತಿಯಲ್ಲಿ ಗುರುತಿಲ್ಲದವರ ಪಕ್ಕ ಕುಳಿತರೆ ಬರುವ ಮೊದಲ ಪ್ರಶ್ನೆ ಹೆಸರಿನದಲ್ಲ. "ಮದುಮಗಳಿಗೆ ಏನಾಗಬೇಕು?" ಎಂದು ಕೇಳುತ್ತಾರೆ. "ಕಸಿನ್" ಎಂದರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ, "ಅಂದ್ರೆ ಎಂತ?" ಎಂದು ಇನ್ನೊಮ್ಮೆ ಕೇಳುತ್ತಾರೆ. "ತಾಯಿಯ ಕಡೆಯಿಂದ" ಎಂದರೂ ಮುಗಿಯುವುದಿಲ್ಲ. "ತಾಯಿಯ ಅಣ್ಣನ ಮಗ" ಎಂದಾಗಲೇ ಅವರ ಮುಖ ಸಡಿಲಾಗುವುದು. "ಹಾಗಾದ್ರೆ ಭಾವ ಆಗ್ಬೇಕು" ಎಂದು ತಾವೇ ಲೆಕ್ಕ ಮುಗಿಸಿ ಎಲೆಯ ಕಡೆ ತಿರುಗುತ್ತಾರೆ.

ಇಂಗ್ಲಿಷಿನಿಂದ ಕಾದಂಬರಿ ಅನುವಾದಿಸುವವರು ಈ ಪಂಕ್ತಿಯವರ ಎದುರು ಕುಳಿತೇ ಬರೆಯಬೇಕು. ಅಂಕಲ್, ಆಂಟ್, ಕಸಿನ್, ನೆಫ್ಯೂ, ನೀಸ್ ಎಂಬ ಐದು ಪದಗಳು ಬಂದಲ್ಲೆಲ್ಲ ಕನ್ನಡದ ಓದುಗ ಅದೇ ಪ್ರಶ್ನೆ ಕೇಳುತ್ತಿರುತ್ತಾನೆ. "ತಂದೆಯ ಕಡೆಯೋ ತಾಯಿಯ ಕಡೆಯೋ ಎಂದು ನೋಡಿಕೊಂಡರೆ ಸಾಕು" ಎಂದು ಹೊಸ ಅನುವಾದಕರಿಗೆ ಹೇಳುವುದುಂಟು. ಅಷ್ಟು ಸಾಲದು. ಕನ್ನಡ ಕೇಳುವುದು ಕಡೆಯನ್ನಲ್ಲ, ಕೊಂಡಿಯನ್ನು. ನಂಟು ಹಾದುಬರುವ ಜಾಗದಲ್ಲಿ ಇರುವವರು ಅಣ್ಣ-ತಮ್ಮಂದಿರೋ, ಅಕ್ಕ-ತಂಗಿಯರೋ, ಅಥವಾ ಒಬ್ಬ ಅಣ್ಣ ಒಬ್ಬಳು ತಂಗಿಯೋ ಎಂಬುದು ಮೊದಲನೆಯದು. ಅವರಿಬ್ಬರಲ್ಲಿ ದೊಡ್ಡವರು ಯಾರು ಎಂಬುದು ಎರಡನೆಯದು. ಈ ಎರಡು ಗೊತ್ತಾದರೆ ಪದ ತಾನಾಗಿ ಬರುತ್ತದೆ.

ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಆ್ಯಂಡ್ ಪ್ರೆಜುಡಿಸ್' ಕಾದಂಬರಿಯನ್ನೇ ಮುಂದಿಟ್ಟುಕೊಂಡು ನೋಡಬಹುದು. ನಂಟಿನ ಪದಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಇಡೀ ಕಥೆ ಮದುವೆ ಮತ್ತು ಆಸ್ತಿಯ ಸುತ್ತಲೇ ಇದೆ, ಪ್ರತಿ ಮನೆಯಲ್ಲೂ ಒಬ್ಬ ಅಂಕಲ್ ಅಥವಾ ಕಸಿನ್ ಇದ್ದಾನೆ.

ಸುಲಭವಾದದ್ದರಿಂದ ಶುರುಮಾಡೋಣ. ನಾಯಕಿ ಎಲಿಜಬೆತ್‌ಗೆ ಇಬ್ಬರು ಅಂಕಲ್‌ಗಳು. ಒಬ್ಬ ಲಂಡನ್ನಿನ ವ್ಯಾಪಾರಿ ಗಾರ್ಡಿನರ್, ಇನ್ನೊಬ್ಬ ಹತ್ತಿರದ ಪೇಟೆಯ ವಕೀಲ ಫಿಲಿಪ್ಸ್. ಇಬ್ಬರೂ ತಾಯಿಯ ಕಡೆಯವರೇ. ಗಾರ್ಡಿನರ್ ತಾಯಿಯ ಒಡಹುಟ್ಟಿದವನು, ಫಿಲಿಪ್ಸ್ ತಾಯಿಯ ಒಡಹುಟ್ಟಿದವಳ ಗಂಡ. ಕಡೆಯನ್ನಷ್ಟೇ ನೋಡಿದ ಅನುವಾದಕ ಇಬ್ಬರಿಗೂ 'ಮಾವ' ಎಂದು ಬರೆದುಬಿಡುತ್ತಾನೆ. ಆದರೆ ಗಾರ್ಡಿನರ್ ಮಾತ್ರ ಸೋದರಮಾವ. ಫಿಲಿಪ್ಸ್ ದೊಡ್ಡಮ್ಮನ ಗಂಡನಾದರೆ ದೊಡ್ಡಪ್ಪ, ಚಿಕ್ಕಮ್ಮನ ಗಂಡನಾದರೆ ಚಿಕ್ಕಪ್ಪ. ತಂದೆಯ ಅಣ್ಣನೂ ತಾಯಿಯ ಅಕ್ಕನ ಗಂಡನೂ ಕನ್ನಡದಲ್ಲಿ ಒಂದೇ ಪದದ ಕೆಳಗೆ ಬರುತ್ತಾರೆ. ತಾಯಿಯ ತಮ್ಮನೂ ತಂದೆಯ ತಂಗಿಯ ಗಂಡನೂ ಹಾಗೆಯೇ, ಇಬ್ಬರೂ ಮಾವಂದಿರು. ಕನ್ನಡದ ಗೆರೆ ತಂದೆ-ತಾಯಿಯ ನಡುವೆ ಬಿದ್ದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಈ ವ್ಯತ್ಯಾಸ ಕಥೆಗೂ ಮುಖ್ಯ. ಕೊನೆಯ ತಂಗಿ ಲಿಡಿಯಾ, ವಿಕಮ್ ಎಂಬ ಸೇನಾಧಿಕಾರಿಯ ಜೊತೆ ಓಡಿಹೋದಾಗ ಲಂಡನ್ನಿನಲ್ಲಿ ಹುಡುಕುವವನು, ಮದುವೆಯ ಮಾತುಕತೆಗೆ ನಿಲ್ಲುವವನು ಗಾರ್ಡಿನರ್. ಅವನನ್ನು 'ಸೋದರಮಾವ' ಎಂದು ಒಮ್ಮೆ ಸರಿಯಾಗಿ ಕರೆದಿದ್ದರೆ ಕನ್ನಡದ ಓದುಗನಿಗೆ ಏನನ್ನೂ ವಿವರಿಸಬೇಕಾಗಿಲ್ಲ. ಹೆಣ್ಣನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಸೊಸೆಯ ಮದುವೆ ಕೆಟ್ಟರೆ ಎದ್ದು ಓಡಬೇಕಾದವನೂ ಅವನೇ. ಅದೇ ಜಾಗದಲ್ಲಿ 'ಅಂಕಲ್' ಎಂದು ಕನ್ನಡ ಲಿಪಿಯಲ್ಲಿ ಬರೆದರೆ ಆತ ಪಕ್ಕದ ಮನೆಯ ಯಾರೋ ಆಗಿಬಿಡುತ್ತಾನೆ. ನಮ್ಮ ಊರುಗಳಲ್ಲಿ ಅಂಕಲ್ ಎಂದರೆ ನಂಟಿಲ್ಲದ ಹಿರಿಯ. ಅಪ್ಪನ ಗೆಳೆಯ ಅಂಕಲ್, ಬಸ್ಸಿನಲ್ಲಿ ಪಕ್ಕ ಕುಳಿತವನು ಅಂಕಲ್. ಇಂಗ್ಲಿಷಿನಲ್ಲಿ ರಕ್ತಸಂಬಂಧ ಸೂಚಿಸುವ ಪದ ಕನ್ನಡಕ್ಕೆ ಬಂದು ಸಂಬಂಧವಿಲ್ಲದಿರುವುದನ್ನು ಸೂಚಿಸುತ್ತಿದೆ. ಹಾಗಾಗಿ ಆ ಎರವಲು ಇಲ್ಲಿ ಒದಗುವುದಿಲ್ಲ.

ಇನ್ನು ಕಷ್ಟದ್ದು. ಲೇಡಿ ಕ್ಯಾಥರೀನ್ ನಾಯಕ ಡಾರ್ಸಿಗೆ ಆಂಟ್. ಆಕೆಯ ಮಗಳು ಆ್ಯನ್ ಡಾರ್ಸಿಗೆ ಕಸಿನ್. ಇಬ್ಬರಿಗೂ ಮದುವೆ ಎಂದು ತೊಟ್ಟಿಲಿನಲ್ಲಿದ್ದಾಗಲೇ ಗೊತ್ತುಮಾಡಿದ್ದೇವೆ ಎಂಬುದು ಆಕೆಯ ಹಟ. ಅನುವಾದಕನ ಕೈ ಇಲ್ಲಿ ತಾನಾಗಿಯೇ 'ಅತ್ತೆ' ಎಂದು ಬರೆಯುತ್ತದೆ. ಮಗಳನ್ನು ಕೊಡಲು ಹೊರಟ ಆಂಟ್ ಕನ್ನಡದಲ್ಲಿ ಸೋದರತ್ತೆಯಲ್ಲದೆ ಇನ್ಯಾರು? ಅತ್ತೆಯ ಮಗಳನ್ನು ತಂದುಕೊಳ್ಳುವುದು ನಮಗೆ ಹೊಸತಲ್ಲ. ಸೋದರಿಕೆಯ ಮದುವೆಗಳು ಈಗ ಕಡಿಮೆಯಾದರೂ ಪದಗಳು ಆ ಲೆಕ್ಕವನ್ನು ಇನ್ನೂ ಇಟ್ಟುಕೊಂಡಿವೆ. ಮಾವ ಎಂದರೆ ತಾಯಿಯ ಅಣ್ಣನೂ ಹೌದು, ಹೆಂಡತಿಯ ಅಪ್ಪನೂ ಹೌದು.

ಆದರೆ ಲೇಡಿ ಕ್ಯಾಥರೀನ್ ಡಾರ್ಸಿಯ ಅಪ್ಪನ ತಂಗಿಯಲ್ಲ, ತಾಯಿಯ ಒಡಹುಟ್ಟಿದವಳು. 16ನೇ ಅಧ್ಯಾಯದಲ್ಲಿ ವಿಕಮ್ ಇದನ್ನು ಬಿಡಿಸಿ ಹೇಳುತ್ತಾನೆ: ಲೇಡಿ ಕ್ಯಾಥರೀನ್ ಮತ್ತು ಡಾರ್ಸಿಯ ತಾಯಿ ಲೇಡಿ ಆ್ಯನ್ ಸೋದರಿಯರು. ಅಂದರೆ ಡಾರ್ಸಿ ಮತ್ತು ಆ್ಯನ್ ಅಕ್ಕತಂಗಿಯರ ಮಕ್ಕಳು, ಕನ್ನಡದಲ್ಲಿ ಅಣ್ಣ-ತಂಗಿ. ಗೋತ್ರ ಬೇರೆಯಾದರೂ ಅಕ್ಕತಂಗಿಯರ ಮಕ್ಕಳಿಗೆ ಮದುವೆ ಎಂಬ ಮಾತೇ ಇಲ್ಲ. ಇಂಗ್ಲೆಂಡಿನಲ್ಲಿ ಈ ಗೆರೆ ಇರಲಿಲ್ಲ. 1563ರಲ್ಲಿ ಅಲ್ಲಿನ ಚರ್ಚು ಮಾಡಿದ ನಿಷಿದ್ಧ ನಂಟುಗಳ ಪಟ್ಟಿಯಲ್ಲಿ ಕಸಿನ್‌ಗಳು ಇಲ್ಲ, ಯಾವ ಬಗೆಯ ಕಸಿನ್ ಆದರೂ ಮದುವೆಗೆ ಅಡ್ಡಿಯಿಲ್ಲ.

ಈಗ ತೊಡಕು ನೋಡಿ. ಸರಿಯಾದ ಪದ ಹಾಕಿದರೆ ಕಥೆಗೆ ಪೆಟ್ಟು ಬೀಳುತ್ತದೆ. "ನನ್ನ ಮಗಳನ್ನು ನನ್ನ ಅಕ್ಕನ ಮಗನಿಗೆ ಕೊಡಬೇಕು" ಎಂದು ಆಕೆ ಕನ್ನಡದಲ್ಲಿ ಹೇಳಿದ ಕೂಡಲೇ ಓದುಗ ಪುಸ್ತಕ ಕೆಳಗಿಡುತ್ತಾನೆ. ಆಸ್ಟಿನ್ ತೋರಿಸಿದ್ದು ಅಂತಸ್ತಿನ ಸೊಕ್ಕಿರುವ ಹೆಂಗಸನ್ನು. ಕನ್ನಡದಲ್ಲಿ ಕಾಣಿಸುವುದು ಅಣ್ಣ-ತಂಗಿಗೆ ಮದುವೆ ಮಾಡಲು ಹೊರಟವಳು. ಮೂಲದಲ್ಲಿ ಇಲ್ಲದ ಅಸಹ್ಯವನ್ನು ಒಂದು ಪದ ತಂದುಹಾಕುತ್ತದೆ.

ಹಾಗಾದರೆ ಸುಮ್ಮನೆ ಅತ್ತೆ ಎಂದೇ ಮಾಡಿಬಿಡೋಣವೇ? ಹಾಗೆ ಮಾಡಿದವರು 56ನೇ ಅಧ್ಯಾಯದವರೆಗೆ ಆರಾಮಾಗಿ ಬರುತ್ತಾರೆ. ಅಲ್ಲಿ ಲೇಡಿ ಕ್ಯಾಥರೀನ್ ಎಲಿಜಬೆತ್‌ಳ ಮನೆಗೇ ಬಂದು ವಾದಿಸುತ್ತಾಳೆ: ಡಾರ್ಸಿ, ಆ್ಯನ್ ಇಬ್ಬರೂ ತಾಯಂದಿರ ಕಡೆಯಿಂದ ಒಂದೇ ಉನ್ನತ ವಂಶದವರು, ತಂದೆಯರ ಕಡೆಯಿಂದ ಬಿರುದಿಲ್ಲದಿದ್ದರೂ ಹಳೆಯ ಗೌರವಸ್ಥ ಮನೆತನಗಳವರು. ಈ ವಾಕ್ಯದಲ್ಲಿ ಅತ್ತೆ ಮುರಿದುಬೀಳುತ್ತಾಳೆ. ಸೋದರತ್ತೆಯಾಗಿದ್ದರೆ ಆಕೆ ಡಾರ್ಸಿ ಮನೆಯಲ್ಲಿ ಹುಟ್ಟಿರಬೇಕಿತ್ತು, ಒಂದೇ ವಂಶ ಎಂಬುದು ಡಾರ್ಸಿಯ ತಂದೆಯ ಕಡೆ ಬರಬೇಕಿತ್ತು. ಅಲ್ಲಿಗೆ ತಲುಪಿದ ಅನುವಾದಕನಿಗೆ ಎರಡೇ ದಾರಿ: ಆ ವಾಕ್ಯವನ್ನು ತಿರುಚುವುದು, ಇಲ್ಲವೇ ಹಿಂದೆ ಹೋಗಿ 40 ಅಧ್ಯಾಯಗಳನ್ನು ತಿದ್ದುವುದು. ಅದಕ್ಕೇ ನಂಟಿನ ಪದಗಳನ್ನು ಅಧ್ಯಾಯ ಬಂದಂತೆ ನಿರ್ಧರಿಸಬಾರದು. ಪುಸ್ತಕವನ್ನು ಪೂರ್ತಿ ಓದಿ, ನಂಟಿನ ಮಾತು ಬಂದ ಪ್ರತಿ ಪುಟಕ್ಕೂ ಗುರುತು ಹಾಕಿ, ವಂಶದ ನಕ್ಷೆ ಬರೆದುಕೊಂಡ ಮೇಲೆಯೇ ಮೊದಲ ವಾಕ್ಯ ಶುರುಮಾಡಬೇಕು.

ನಕ್ಷೆ ಬರೆದಾಗ ಇನ್ನೊಂದು ಸಂಗತಿ ಕಾಣುತ್ತದೆ. ಡಾರ್ಸಿಯ ಜೊತೆ ಈಸ್ಟರ್ ಸಮಯಕ್ಕೆ ಲೇಡಿ ಕ್ಯಾಥರೀನ್ ಮನೆಗೆ ಕರ್ನಲ್ ಫಿಟ್ಸ್‌ವಿಲಿಯಂ ಬರುತ್ತಾನೆ. ಇಂಗ್ಲಿಷಿನಲ್ಲಿ ಅವನೂ ಆಕೆಗೆ ನೆಫ್ಯೂ, ಡಾರ್ಸಿಯೂ ನೆಫ್ಯೂ. ಫಿಟ್ಸ್‌ವಿಲಿಯಂ ಎಂಬುದು ಆಕೆಯ ತವರುಮನೆಯ ಹೆಸರು, ಕರ್ನಲ್ ಆಕೆಯ ಅಣ್ಣನ ಅಥವಾ ತಮ್ಮನ ಮಗ. ಕನ್ನಡದಲ್ಲಿ ಹೆಂಗಸಿಗೆ ಒಡಹುಟ್ಟಿದವನ ಮಗ ಸೋದರಳಿಯ, ಒಡಹುಟ್ಟಿದವಳ ಮಗ ತನ್ನ ಮಗನ ಸಮಾನ. ಅಂದರೆ ನಮ್ಮ ಲೆಕ್ಕದಲ್ಲಿ ಆ್ಯನ್‌ಗೆ ವರನಾಗಬಹುದಾದವನು ಕರ್ನಲ್. ಆಕೆ ಮಗನ ಸ್ಥಾನದವನನ್ನು ಅಳಿಯನನ್ನಾಗಿ ಮಾಡಿಕೊಳ್ಳಲು ಹೊರಟಿದ್ದಾಳೆ, ನಿಜವಾದ ಸೋದರಳಿಯ ಅದೇ ಕೋಣೆಯಲ್ಲಿ ಕುಳಿತು ಪಿಯಾನೋ ಕೇಳುತ್ತಿದ್ದಾನೆ. ಕಾರಣ ಆಸ್ತಿ. ಕರ್ನಲ್ ಕಿರಿಯ ಮಗ, ಅವನ ಕೈಗೆ ಎಸ್ಟೇಟು ಬರುವುದಿಲ್ಲ. ಡಾರ್ಸಿಗೆ ವರ್ಷಕ್ಕೆ 10,000 ಪೌಂಡ್ ಉತ್ಪನ್ನ. ಇಬ್ಬರಿಗೂ 'ಸೋದರಳಿಯ' ಎಂದು ಹಾಕಿದರೆ ಒಬ್ಬನ ನಂಟು ತಪ್ಪಾಗುತ್ತದೆ.

ತಪ್ಪು ಹಿಡಿಯುವ ಒಂದು ಸರಳ ವಿಧಾನವಿದೆ, ಪ್ರತಿ ನಂಟನ್ನೂ ಎರಡೂ ತುದಿಯಿಂದ ಕರೆಸಿ ನೋಡುವುದು. ಡಾರ್ಸಿ ಆಕೆಯನ್ನು ಅತ್ತೆ ಎಂದರೆ ಆಕೆ ಅವನನ್ನು ಅಳಿಯ ಎನ್ನಬೇಕು. ದೊಡ್ಡಮ್ಮ ಎಂದರೆ ಆಕೆ ಅವನನ್ನು ಮಗ ಎನ್ನಬೇಕು. ಎಲಿಜಬೆತ್ ಗಾರ್ಡಿನರ್‌ನನ್ನು ಮಾವ ಎಂದರೆ ಅವನ ಹೆಂಡತಿ ಅತ್ತೆಯಾಗುತ್ತಾಳೆ, ಇವಳು ಅವರಿಬ್ಬರಿಗೂ ಸೋದರಸೊಸೆ. ಫಿಲಿಪ್ಸ್ ದಂಪತಿಗೆ ಮಾತ್ರ ಇವಳು ಮಗಳು. ಒಂದು ತುದಿಯಲ್ಲಿ ಚಿಕ್ಕಮ್ಮ, ಇನ್ನೊಂದು ತುದಿಯಲ್ಲಿ ಸೋದರಸೊಸೆ ಎಂದು ಬಂದಿದ್ದರೆ ಎಲ್ಲೋ ಕೊಂಡಿ ತಪ್ಪಿದೆ ಎಂದೇ ಅರ್ಥ. ಬೇರೆ ಬೇರೆ ಅಧ್ಯಾಯಗಳಲ್ಲಿ ಬೇರೆ ಬೇರೆ ದಿನ ಬರೆದ ಪದಗಳು ಹೀಗೆ ಜಗಳವಾಡುವುದು ಬಹಳ ಸಾಮಾನ್ಯ, ಕರಡು ತಿದ್ದುವವರು ಸಾಲು ಸಾಲಾಗಿ ಓದುವಾಗ ಅದು ಕಣ್ಣಿಗೆ ಬೀಳುವುದಿಲ್ಲ. ನಂಟಿನ ಪದ ಬಂದ ವಾಕ್ಯಗಳನ್ನಷ್ಟೇ ಒಂದು ಹಾಳೆಗೆ ಇಳಿಸಿಕೊಂಡು ಓದಿದರೆ ಕೂಡಲೇ ಬೀಳುತ್ತದೆ.

ಇನ್ನು ದೊಡ್ಡವರು ಯಾರು ಎಂಬ ಪ್ರಶ್ನೆ. ಲೇಡಿ ಕ್ಯಾಥರೀನ್ ಅಕ್ಕನೋ ತಂಗಿಯೋ? ಕಾದಂಬರಿ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಹಿರಿತನ ಎಲ್ಲೂ ಕಾಣುವುದಿಲ್ಲವೆಂದಲ್ಲ, ಅದು ಬೇರೆ ಕಡೆ ಅಡಗಿರುತ್ತದೆ. ಬೆನೆಟ್ ಮನೆಯ ಹಿರಿಯ ಮಗಳು ಜೇನ್ ಬರಿಯ 'ಮಿಸ್ ಬೆನೆಟ್', ಎರಡನೆಯವಳು 'ಮಿಸ್ ಎಲಿಜಬೆತ್ ಬೆನೆಟ್'. ಮನೆತನದ ಹೆಸರು ಮಾತ್ರ ಹೊತ್ತವಳು ಹಿರಿಯಳು ಎಂದು ಆ ಕಾಲದ ಓದುಗನಿಗೆ ಗೊತ್ತಿತ್ತು. ಇಂಥ ಸುಳಿವುಗಳನ್ನು ಹುಡುಕಬೇಕು. ಆದರೆ ಲೇಡಿ ಕ್ಯಾಥರೀನ್, ಲೇಡಿ ಆ್ಯನ್ ವಿಷಯದಲ್ಲಿ ಅದೂ ಕೈಕೊಡುತ್ತದೆ. ಇವರು ಅರ್ಲ್ ಎಂಬ ಬಿರುದುಳ್ಳ ಮನೆಯವರು, ಅಂಥ ಮನೆಯ ಹೆಣ್ಣುಮಕ್ಕಳಿಗೆಲ್ಲ ಹಿರಿಯಳಿರಲಿ ಕಿರಿಯಳಿರಲಿ ಹೆಸರಿಗೆ ಮೊದಲು 'ಲೇಡಿ' ಬರುತ್ತದೆ.

ಕಾರವಾರದ ಕಡೆಯವರಿಗೆ ಇಲ್ಲೊಂದು ಪದ ನಾಲಿಗೆ ತುದಿಯಲ್ಲೇ ಇದೆ: ಮಾವಶಿ. ಕೊಂಕಣಿ, ಮರಾಠಿ ಎರಡರಲ್ಲೂ ತಾಯಿಯ ಒಡಹುಟ್ಟಿದವಳಿಗೆ ಇದೇ ಪದ, ಅಕ್ಕನೋ ತಂಗಿಯೋ ಎಂದು ಅದು ಕೇಳುವುದಿಲ್ಲ. ಲೇಡಿ ಕ್ಯಾಥರೀನ್‌ಗೆ ಅಳತೆ ತೆಗೆದು ಹೊಲಿದಂತೆ ಹೊಂದುತ್ತದೆ. ಆದರೂ ಅದನ್ನು ಬಳಸಬಾರದು ಎಂದೇ ನಮ್ಮ ಅಭಿಪ್ರಾಯ. ಮಾವಶಿ ಎಂದ ಕೂಡಲೇ ಆಕೆ ಕಾರವಾರದ ಯಾವುದೋ ಕೇರಿಯಲ್ಲಿ ಮನೆಮಾಡಿಬಿಡುತ್ತಾಳೆ. ಮೈಸೂರಿನ ಕಡೆಯ ಓದುಗನಿಗೆ ಪದವೇ ಹೊಸತು. ಭಾವ ಎಂಬುದಕ್ಕೂ ಇದೇ ಎಚ್ಚರ ಬೇಕು. ಡಾರ್ಸಿಗೆ 28 ವರ್ಷ, ಕರ್ನಲ್‌ಗೆ 30ರ ಆಸುಪಾಸು. ತಾಯಿಯ ಒಡಹುಟ್ಟಿದವನ ಮಗ, ತನಗಿಂತ ಹಿರಿಯ, ಹಾಗಾಗಿ ನಂಟು ಭಾವನದೇ. ಆದರೆ ಶಿರಸಿಯ ಹವ್ಯಕರ ಮನೆಗಳಲ್ಲಿ "ಆಸರಿಗೆ ಎಂತ ಬೇಕು ಭಾವ?" ಎನ್ನುವಾಗಿನ ಸಲುಗೆ ಆ ಪದಕ್ಕೆ ಅಂಟಿಕೊಂಡಿದೆ. ಬೇರೆ ಕಡೆಯ ಓದುಗನಿಗೆ ಭಾವ ಎಂದರೆ ಅಕ್ಕನ ಗಂಡ, ಡಾರ್ಸಿಗೆ ಅಕ್ಕ ಎಲ್ಲಿದ್ದಳು ಎಂದು ಅವನು ಹುಡುಕತೊಡಗುತ್ತಾನೆ. ನಿರೂಪಣೆಯಲ್ಲಿ 'ಸೋದರಮಾವನ ಮಗ' ಎಂದು ಬಿಡಿಸಿ ಬರೆದು, ಸಂಭಾಷಣೆಯಲ್ಲಿ ಹೆಸರು ಹಿಡಿದು ಕರೆಸುವುದೇ ಕ್ಷೇಮ.

ಲೇಡಿ ಕ್ಯಾಥರೀನ್‌ಗೂ ಇದೇ ದಾರಿ ಹಿಡಿಯಬಹುದು. ಸೋದರಿ, ಸೋದರ ಎಂಬ ಪದಗಳು ಮನೆಮಾತಿನಲ್ಲಿ ಅಷ್ಟಾಗಿ ಬರುವುದಿಲ್ಲ, ಆದರೆ ಅವು ಹಿರಿತನ ಕೇಳುವುದಿಲ್ಲ. ನಿರೂಪಣೆಯಲ್ಲಿ ಆಕೆ 'ಡಾರ್ಸಿಯ ತಾಯಿಯ ಸೋದರಿ'. ಮಾತಿನಲ್ಲಿ ಆಕೆಯನ್ನು ಬಿರುದಿನಿಂದಲೇ ಕರೆಸಬಹುದು, ಆಕೆಗೆ ಅದೇ ಇಷ್ಟವೂ ಹೌದು. ಆ್ಯನ್ 'ತಾಯಿಯ ಸೋದರಿಯ ಮಗಳು'. ಬರಿಯ 'ತಂಗಿ' ಎಂದು ಮಾತ್ರ ಎಲ್ಲೂ ಬರಕೂಡದು. ಅಸಹ್ಯ ಹುಟ್ಟುವುದು ಆ ಒಂದು ಪದದಿಂದ. ಬಿಡಿಸಿ ಹೇಳಿದಾಗ ಓದುಗ ನಂಟನ್ನು ತಿಳಿಯುತ್ತಾನೆ, ಇದು ನಮ್ಮ ರೂಢಿಯಲ್ಲ ಎಂದೂ ಗಮನಿಸುತ್ತಾನೆ, ಆದರೂ ಓದುತ್ತಾ ಹೋಗುತ್ತಾನೆ. ಪುಸ್ತಕದ ಮೊದಲ ಪುಟದಲ್ಲಿ ವಂಶದ ನಕ್ಷೆ ಹಾಕಿ, ಅದರ ಕೆಳಗೆ ಆ ದೇಶದಲ್ಲಿ ಅಕ್ಕತಂಗಿಯರ ಮಕ್ಕಳ ನಡುವೆ ಮದುವೆ ನಡೆಯುತ್ತಿತ್ತು ಎಂಬ ಒಂದು ಸಾಲು ಇಟ್ಟರೆ ಉಳಿದ ಭಾರವೂ ಇಳಿಯುತ್ತದೆ. ಆ ಮಾತನ್ನು ಪಾತ್ರದ ಬಾಯಲ್ಲಿ ತುರುಕಬಾರದು. ವಿಕಮ್ ಎಲಿಜಬೆತ್‌ಗೆ ಅವಳದೇ ದೇಶದ ಪದ್ಧತಿಯನ್ನು ವಿವರಿಸುತ್ತ ಕೂರುವುದಿಲ್ಲ.

ಇಂಗ್ಲಿಷ್ ಮೊದಲಿನಿಂದಲೂ ಹೀಗೆ ಕಣ್ಣುಮುಚ್ಚಿ ಕುಳಿತ ಭಾಷೆಯಲ್ಲ. ಹಳೆಯ ಇಂಗ್ಲಿಷಿನಲ್ಲಿ ತಂದೆಯ ಸೋದರನಿಗೊಂದು, ತಾಯಿಯ ಸೋದರನಿಗೊಂದು ಪದವಿತ್ತು. ಫ್ರೆಂಚಿನ ಮೂಲಕ ಬಂದ ಅಂಕಲ್ ಎರಡನ್ನೂ ಹೊರದಬ್ಬಿತು. ಅದರ ಲ್ಯಾಟಿನ್ ಮೂಲ 'ಅವುಂಕುಲುಸ್'ಗೆ ಸೋದರಮಾವ ಎಂದಷ್ಟೇ ಅರ್ಥ. ಕಸಿನ್‌ನ ಮೂಲ 'ಕೊನ್ಸೊಬ್ರಿನುಸ್', ಮೊದಲಿಗೆ ತಾಯಿಯ ಸೋದರಿಯ ಮಗ ಎಂಬ ಅರ್ಥದ್ದು. ಡಾರ್ಸಿಗೂ ಆ್ಯನ್‌ಗೂ ಇರುವುದು ಸರಿಯಾಗಿ ಅದೇ ನಂಟು.

ಕಾಲಿನ್ಸ್ ವಿಷಯದಲ್ಲಿ ಕನ್ನಡಕ್ಕೆ ಲಾಭವೂ ಇದೆ, ಅಪಾಯವೂ ಇದೆ. ಅವನು ಎಲಿಜಬೆತ್‌ಳ ತಂದೆಯ ಕಸಿನ್. ಆಸ್ತಿ ಗಂಡು ಸಂತಾನಕ್ಕೇ ಹೋಗಬೇಕೆಂಬ ಕಟ್ಟಿನಿಂದಾಗಿ, ಬೆನೆಟ್‌ಗೆ ಗಂಡುಮಕ್ಕಳಿಲ್ಲದ್ದರಿಂದ ಮನೆ ಅವನ ಪಾಲಾಗುತ್ತದೆ. ಅವನ ಅಪ್ಪನಿಗೂ ಬೆನೆಟ್‌ಗೂ ಮಾತು ಮುರಿದಿತ್ತು. ಇದನ್ನು ಹೇಳಲು ನಮ್ಮಲ್ಲಿ ಪದ ಸಿದ್ಧವಾಗಿದೆ: ದಾಯಾದಿ. ಆ ಒಂದೇ ಪದದಲ್ಲಿ ನಂಟು, ಆಸ್ತಿ, ಹಳೆಯ ಮನಸ್ತಾಪ ಮೂರೂ ಬರುತ್ತವೆ, ಇಂಗ್ಲಿಷಿಗೆ ಅದೇ ಕೆಲಸಕ್ಕೆ ಒಂದಿಡೀ ಪ್ಯಾರಾ ಬೇಕಾಗಿದೆ. ಆದರೆ ಅವನು ಎಲಿಜಬೆತ್‌ಳನ್ನೇ ಮದುವೆಯಾಗಲು ಕೇಳುತ್ತಾನೆ. ತಂದೆಗೆ ದಾಯಾದಿಯಾದವನು ಮಗಳಿಗೆ ಚಿಕ್ಕಪ್ಪನ ಸಾಲಿನವನು. ಅವನಿಗೆ ವಯಸ್ಸು 25, ಅವಳಿಗೆ 20, ವಯಸ್ಸು ಹತ್ತಿರವಿದ್ದರೂ ಸಾಲು ಬದಲಾಗುವುದಿಲ್ಲ. ಹಾಗಾಗಿ ಆಸ್ತಿಯ ಮಾತು ಬಂದಲ್ಲಿ, ಬೆನೆಟ್ ಬಾಯಲ್ಲಿ, 'ದಾಯಾದಿ' ಇರಲಿ. ಮದುವೆಯ ಪ್ರಸ್ತಾಪದ ಅಧ್ಯಾಯದಲ್ಲಿ ಮತ್ತು ಕಾಲಿನ್ಸ್ ಅವಳನ್ನು 'ಕಸಿನ್' ಎನ್ನುವಲ್ಲಿ ಬರಿಯ ಹೆಸರು ಸಾಕು. ನಂಟು ದೂರದ್ದೆಂದು ಕಾದಂಬರಿಯೇ ಹೇಳುವುದರಿಂದ ನಿರೂಪಣೆಯಲ್ಲಿ 'ದೂರದ ನೆಂಟ' ಎನ್ನಲು ಅಡ್ಡಿಯಿಲ್ಲ.

ಇಷ್ಟೆಲ್ಲ ಕಳೆದುಕೊಂಡು, ಸುತ್ತಿ ಬಳಸಿ ಹೇಳಿದ ಮೇಲೆ ಕನ್ನಡ ಇಂಗ್ಲಿಷಿಗಿಂತ ಚುರುಕಾಗುವ ಒಂದು ಜಾಗ 52ನೇ ಅಧ್ಯಾಯದಲ್ಲಿ ಸಿಗುತ್ತದೆ. ತನ್ನ ತಂಗಿ ಲಿಡಿಯಾ, ಡಾರ್ಸಿಗೆ ಕಂಡರಾಗದ ವಿಕಮ್‌ನನ್ನು ಮದುವೆಯಾದ ಮೇಲೆ ಡಾರ್ಸಿ ತನ್ನನ್ನು ಕೇಳುವ ಆಸೆ ಎಲ್ಲಿಯದು ಎಂದು ಎಲಿಜಬೆತ್ ಯೋಚಿಸುತ್ತಾಳೆ. ವಿಕಮ್‌ಗೆ ಬ್ರದರ್-ಇನ್-ಲಾ ಆಗುವುದೇ! ಆ ಇಂಗ್ಲಿಷ್ ಪದಕ್ಕೆ ಅಕ್ಕನ ಗಂಡನೂ ಸೇರುತ್ತಾನೆ, ಹೆಂಡತಿಯ ತಮ್ಮನೂ ಸೇರುತ್ತಾನೆ, ಗಂಡನ ಅಣ್ಣನೂ ಸೇರುತ್ತಾನೆ. ಕನ್ನಡದಲ್ಲಿ ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರಿಗೆ ಅವರದೇ ಪದವಿದೆ. ಒಂದೇ ಮಾವನ ಮನೆಯ ಜಗಲಿಯಲ್ಲಿ, ಒಂದೇ ಹಬ್ಬಕ್ಕೆ, ಅಕ್ಕಪಕ್ಕ ಎಲೆ ಹಾಕಿಸಿಕೊಂಡು ಕೂರಬೇಕಾದವರು ಅವರು. ಡಾರ್ಸಿಗೆ ಯಾವುದು ಸಹಿಸಲಾಗದೋ ಅದು ಸರಿಯಾಗಿ ಇದೇ. ಅಲ್ಲಿ ಬರೆಯಬೇಕಾದ್ದು ಎರಡೇ ಪದ: "ವಿಕಮ್‌ನ ಷಡ್ಡಕ!"